ತಲೆಬರಹದಲ್ಲಿ ಸಂಖ್ಯೆ ಯಾವಾಗ ಹಾಕಬೇಕು?

"ನಮ್ಮ ಸಂಘದ ಮಾಸಿಕಕ್ಕೆ ಕೃಷಿ ಬರಹ ಬರೆಯುತ್ತೇನೆ. '5 ಹಂತ', '10 ಸಲಹೆ' ಅಂತ ತಲೆಬರಹ ಕೊಟ್ಟರೆ ಜನ ಓದುತ್ತಾರೆ ಅಂತಾರೆ. ನನಗೆ ಅದು ಟೊಳ್ಳು ಅನ್ನಿಸುತ್ತದೆ. ಹಾಕಬಹುದಾ?"

ಕೆಲವಕ್ಕೆ ಹಾಕಲೇಬೇಕು. ನಾನು ಬದಿಯಡ್ಕ ಕಡೆಯವನು. ಅಡಿಕೆ ತೋಟದ ಜೊತೆಗೆ ಬೇರೆಯವರ ಕೃಷಿ ಬರಹ ತಿದ್ದಿಕೊಡುವ ಕೆಲಸವೂ ಇದೆ. ಹಾಗಾಗಿ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದಕ್ಕೆ ಸಿಂಪಡಿಸುವುದು ಬೋರ್ಡೋ ಮದ್ದು.

"ಬೋರ್ಡೋ ಮದ್ದು ತಯಾರಿಗೆ 4 ಹಂತ" ಅಂದರೆ ಆ ನಾಲ್ಕು ನಿಜವಾದ ನಾಲ್ಕು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು ಒಂದು. 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸುವುದು ಎರಡು. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುವುದು ಮೂರು. ಇದನ್ನು ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳಕ್ಕಿಳಿಯುತ್ತದೆ, ಎಲೆ ಕಾಯಿಗೆ ಸರಿಯಾಗಿ ಅಂಟುವುದಿಲ್ಲ. ನಾಲ್ಕನೆಯದು ಚೂರಿ. ತುಕ್ಕಿಲ್ಲದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಮದ್ದಿನಲ್ಲಿ ಅದ್ದಿಡಿ. ಅದರ ಮೇಲೆ ಕೆಂಪು ಕೂತರೆ ತುತ್ತ ಜಾಸ್ತಿಯಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಹಳೆ ಸುಣ್ಣಕ್ಕೆ ಕಸುವು ಕಡಿಮೆ ಇರುತ್ತದೆ, ಹಾಗಾಗಿ ತೂಕ ಸರಿ ಇದ್ದರೂ ಹೀಗಾಗುವುದುಂಟು. ಈ ಹಂತ ಬಿಟ್ಟವರ ತೋಟದಲ್ಲಿ ಎಳೆಕಾಯಿ ಸುಡಬಹುದು. ಒಂದನ್ನು ತೆಗೆದರೂ, ಮುಂದೆ ಹಿಂದೆ ಮಾಡಿದರೂ ಕೆಲಸ ಕೆಡುತ್ತದೆ ಅಲ್ವಾ? ಅಂಥ ಕಡೆ ಸಂಖ್ಯೆ ಓದುವವನಿಗೆ ಉಪಕಾರ. ಡ್ರಮ್ಮಿನ ಪಕ್ಕ ನಿಂತುಕೊಂಡು ಎಷ್ಟಾಯಿತು, ಎಷ್ಟು ಉಳಿಯಿತು ಅಂತ ಎಣಿಸಿಕೊಳ್ಳುತ್ತಾನೆ.

ಇನ್ನು "ಅಡಿಕೆ ಕೊಳೆರೋಗ ತಡೆಗೆ 10 ಸಲಹೆ". ಇಂಥದ್ದು ಕೈಗೆ ಬಂದರೆ ನಾನು ಮೊದಲು 'ಅಡಿಕೆ' ಅನ್ನುವಲ್ಲಿ 'ಕಾಳುಮೆಣಸು' ಅಂತ ಓದಿ ನೋಡುತ್ತೇನೆ. "ತೋಟ ಸ್ವಚ್ಛವಾಗಿಡಿ", "ತಜ್ಞರ ಸಲಹೆ ಪಡೆಯಿರಿ", "ಸರಿಯಾದ ಸಮಯಕ್ಕೆ ಸಿಂಪಡಿಸಿ" ಆಗಲೂ ಸರಿಯಾಗಿಯೇ ಕೂರುತ್ತವೆ. ಅವು ಸುಮ್ನೆ ಹತ್ತು ತುಂಬಿಸಲು ಬಂದವು. "ಬಸಿಗಾಲುವೆ ಮಾಡಿ", "ನೀರು ನಿಲ್ಲದಂತೆ ನೋಡಿ" ಎರಡೂ ಒಂದೇ ಮಾತು. ಜರಡಿ ಹಿಡಿದರೆ ಉಳಿಯುವುದು ಮಳೆಗೆ ಮೊದಲು ಒಮ್ಮೆ ಮದ್ದು, 40-45 ದಿನಕ್ಕೆ ಇನ್ನೊಮ್ಮೆ, ಉದುರಿದ ಕೊಳೆ ಕಾಯಿಯನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕುವುದು. ಬಸಿಗಾಲುವೆಯನ್ನು ಬೇಕಾದರೆ ಸೇರಿಸಿ.

ಹಾಗಂತ "3 ಸಲಹೆ" ಅಂತ ತಿದ್ದಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಮಳೆಗೆ ಮೊದಲು ಮದ್ದು, 45 ದಿನದೊಳಗೆ ಇನ್ನೊಮ್ಮೆ" ಅಂತ ಬರೆಯಿರಿ. ಇಲ್ಲೂ ಸಂಖ್ಯೆ ಇದೆ, ಆದರೆ ಅದು ನಿಮ್ಮ ಪಟ್ಟಿಯ ಉದ್ದ ಅಲ್ಲ, ರೈತ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ದಿನ. ಒಳಗಿನ ಬರಹ ಓದಲು ಪುರುಸೊತ್ತಿಲ್ಲದವನಿಗೂ ಅಷ್ಟು ಸಿಕ್ಕಿತು.

ಮಳೆ ಬಿಡದೆ ಹೊಡೆದ ವರ್ಷ ಮೂರನೆಯ ಸಲವೂ ಮದ್ದು ಸಿಂಪಡಿಸಬೇಕಾಗಬಹುದು. ಅದು ತಲೆಬರಹಕ್ಕೆ ಹಿಡಿಸುವುದಿಲ್ಲ, ಮೊದಲ ಪ್ಯಾರಾದಲ್ಲೇ ಹೇಳಿಬಿಡಿ.