ರಫ್ತು ಲೆಕ್ಕದಲ್ಲಿ ಉಳಿದ 510 ರೂಪಾಯಿ

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ, ಪಾಲುದಾರಿಕೆಯದ್ದು. ಮೊದಲ ಸಲ ದುಬೈಗೆ ತಿರುಳು ಕಳಿಸಿದೆವು, 17 ಲಕ್ಷದ ಮಾಲು. ಶೇ 5 ಐಜಿಎಸ್‌ಟಿ ಕಟ್ಟಿಯೇ ಕಳಿಸಿದ್ದು. ರೀಫಂಡ್ 85,000 ಮತ್ತು ರಫ್ತಿಗೆ ಸಿಗುವ ರೋಡ್‌ಟೆಪ್ ಪ್ರೋತ್ಸಾಹಧನ 17,000 ಸೇರಿಸಿ ‘ಸರ್ಕಾರದಿಂದ ಬರಬೇಕಾದ್ದು’ ಅಂತ ಒಂದೇ ಲೆಡ್ಜರ್ ಮಾಡಿ, ಅಷ್ಟನ್ನೂ ಇನ್ಸೆಂಟಿವ್ ಆದಾಯಕ್ಕೆ ಹಾಕಿದೆ. ಬಂದದ್ದು 1,01,490. ಉಳಿದ 510 ಯಾವಾಗ ಬರುತ್ತದೆ? ದುಬೈ ಪಾರ್ಟಿ ಪೂರ್ತಿ ಹಣ ಕೊಟ್ಟರೂ ಟ್ಯಾಲಿಯಲ್ಲಿ 85,000 ಬಾಕಿ ಯಾಕೆ ತೋರಿಸುತ್ತಿದೆ?

ಉತ್ತರ: ಆ 510 ಬರುವುದಿಲ್ಲ ಸರ್. ದುಬೈಯವರೂ ನಿಮಗೆ ಏನೂ ಕೊಡಬೇಕಾಗಿಲ್ಲ. ಎರಡು ಬೇರೆ ಜಾತಿಯ ಹಣ ಒಂದೇ ಲೆಡ್ಜರಿನಲ್ಲಿ ಕೂತದ್ದರಿಂದ ಹೀಗಾಗಿದೆ.

ಮೊದಲು ದೊಡ್ಡ ಮೊತ್ತ ನೋಡೋಣ. ಆ 85,000 ನಿಮ್ಮದೇ ತೆರಿಗೆ. ರೈತರಿಂದ ಹಸಿ ಗೇರುಬೀಜ ಕೊಂಡಾಗ ರಿವರ್ಸ್ ಚಾರ್ಜಿನಲ್ಲಿ ನೀವೇ ಜಿಎಸ್‌ಟಿ ಕಟ್ಟಿರುತ್ತೀರಿ, ಅದು ಇನ್‌ಪುಟ್ ಕ್ರೆಡಿಟ್ ಆಗಿ ಕೂತಿರುತ್ತದೆ. ರಫ್ತಿನ ಐಜಿಎಸ್‌ಟಿಯನ್ನು ಆ ಕ್ರೆಡಿಟ್‌ನಿಂದ ತೀರಿಸಿದಿರಿ, ಸರ್ಕಾರ ಅಷ್ಟನ್ನೇ ನಗದಾಗಿ ತಿರುಗಿ ಕೊಟ್ಟಿತು. ಇದರಲ್ಲಿ ಲಾಭ ಎಲ್ಲಿಂದ ಬಂತು? ನೀವು ಆದಾಯ ಅಂತ ಬರೆದದ್ದರಿಂದ ಲಾಭ 85,000 ಜಾಸ್ತಿ ಕಾಣುತ್ತಿದೆ. ಹಾಗೇ ಬಿಟ್ಟರೆ ಅದರ ಮೇಲೆ ಆದಾಯ ತೆರಿಗೆಯನ್ನೂ ಕಟ್ಟುತ್ತೀರಿ.

ಪಾರ್ಟಿಯ ಬಾಕಿಯ ಮೂಲವೂ ಇದೇ. ಟ್ಯಾಲಿಯಲ್ಲಿ ತೆರಿಗೆ ಸೇರಿಸಿ ರಫ್ತು ಇನ್‌ವಾಯ್ಸ್ ಹಾಕಿದರೆ ಅದು ಪಾರ್ಟಿಗೆ 17,85,000 ಡೆಬಿಟ್ ಮಾಡುತ್ತದೆ. ಊರೊಳಗಿನ ಮಾರಾಟದಲ್ಲಿ ಅದು ಸರಿ, ತೆರಿಗೆಯನ್ನು ಕೊಳ್ಳುವವರೇ ಕೊಡುತ್ತಾರಲ್ವಾ. ದುಬೈಯವರು ಮಾತ್ರ 17 ಲಕ್ಷಕ್ಕೆ ಸಮನಾದ ಡಾಲರ್ ಕೊಡುತ್ತಾರೆ, ನಿಮ್ಮ ಐಜಿಎಸ್‌ಟಿಗೂ ಅವರಿಗೂ ಸಂಬಂಧ ಇಲ್ಲ. ಹಾಗಾಗಿ ಇನ್‌ವಾಯ್ಸ್ ಹಾಕಿದ ದಿನವೇ ಇನ್ನೊಂದು ಜರ್ನಲ್ ಬೇಕು: ‘ಐಜಿಎಸ್‌ಟಿ ರೀಫಂಡ್ ಬರಬೇಕಾದ್ದು’ ಡೆಬಿಟ್ 85,000, ದುಬೈ ಪಾರ್ಟಿ ಕ್ರೆಡಿಟ್ 85,000. ಈ ಲೆಡ್ಜರನ್ನು `Current Assets` ಅಡಿಯಲ್ಲಿಡಿ. `Duties & Taxes` ಅಡಿಯಲ್ಲಿ ಇಟ್ಟರೆ ಕಟ್ಟಬೇಕಾದ ತೆರಿಗೆಯ ಜೊತೆ ವಜಾ ಆಗಿ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕಿದಾಗ ಔಟ್‌ಪುಟ್ ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಜೊತೆ ತೀರುತ್ತದೆ. ರೀಫಂಡ್ ಬ್ಯಾಂಕಿಗೆ ಬಿದ್ದ ದಿನ ಹೊಸ ಲೆಡ್ಜರ್ ಸೊನ್ನೆ ಆಗುತ್ತದೆ. ಲಾಭ ನಷ್ಟದ ಪಟ್ಟಿಯನ್ನು ಈ ಹಣ ಎಲ್ಲೂ ಮುಟ್ಟುವುದಿಲ್ಲ. ಡಾಲರ್ ದರದ ವ್ಯತ್ಯಾಸದಿಂದ ಪಾರ್ಟಿ ಖಾತೆಯಲ್ಲಿ ಚೂರು ಉಳಿದರೆ ಅದು ವಿನಿಮಯ ಲಾಭ ಅಥವಾ ನಷ್ಟ, ಇದರೊಳಗೆ ಬೆರೆಸಬೇಡಿ.

ಇನ್ನು ರೋಡ್‌ಟೆಪ್. ಇದು ನಿಜವಾಗಿ ಆದಾಯ. 2021ರ ಜನವರಿ 1ರಿಂದ ಬಂದ ಯೋಜನೆ ಇದು. ಡೀಸೆಲ್, ವಿದ್ಯುತ್ ಇಂಥದರ ಮೇಲೆ ಬಿದ್ದು ಬೇರೆಲ್ಲೂ ವಾಪಸ್ ಸಿಗದ ತೆರಿಗೆಗೆ ಬದಲಾಗಿ ಎಫ್‌ಒಬಿ ಬೆಲೆಯ, ಅಂದರೆ ಹಡಗಿಗೆ ಏರಿಸುವವರೆಗಿನ ಬೆಲೆಯ ಮೇಲೆ ಒಂದು ದರದಲ್ಲಿ ಕೊಡುತ್ತಾರೆ. ನಿಮ್ಮ 17,000 ಶೇ 1ರ ಲೆಕ್ಕ. ದರ ಆಗಾಗ ಬದಲಾಗುತ್ತದೆ, ಕೆಲವು ಸರಕಿಗೆ ಕಿಲೋಗೆ ಇಷ್ಟೇ ಎಂಬ ಮಿತಿಯೂ ಇದೆ. ಆದ್ದರಿಂದ ಮುಂದಿನ ಸಲ ಹಳೇ ದರ ಹಾಕಬೇಡಿ, ಕಸ್ಟಮ್ಸ್ ರಫ್ತಿಗೆ ಅನುಮತಿ ಕೊಟ್ಟ ದಿನದ ದರವನ್ನು ಈ ಯೋಜನೆಯ ದರಪಟ್ಟಿಯಾದ ಅನುಬಂಧ 4ಆರ್‌ನಲ್ಲಿ ನೋಡಿ.

ಬರೆಯುವ ಮೊದಲು ಕಸ್ಟಮ್ಸ್‌ಗೆ ಸಲ್ಲಿಸಿದ ರಫ್ತು ದಾಖಲೆಯಾದ ಶಿಪ್ಪಿಂಗ್ ಬಿಲ್ ತೆರೆದು ಒಂದು ವಿಷಯ ನೋಡಲೇಬೇಕು. ಪ್ರತಿ ಐಟಂ ಎದುರು `RODTEPY` ಅಂತ ಘೋಷಣೆ ಇದೆಯಾ? `RODTEPN` ಇದ್ದರೆ ನೀವು ಆ ಹಣ ಕೇಳಿಯೇ ಇಲ್ಲ ಅಂತ ಅರ್ಥ. ಕ್ಲಿಯರಿಂಗ್ ಏಜೆಂಟರು ಅವಸರದಲ್ಲಿ ತುಂಬುವ ಜಾಗ ಇದು, ಮಾಲು ಹೋದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಕೇಳದ ಹಣವನ್ನು ಬರಬೇಕಾದ್ದು ಅಂತ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಘೋಷಣೆ ಸರಿ ಇದ್ದು, ಮಾಲು ರಫ್ತಾಗಿ, ಹಣ ಬರುವುದರಲ್ಲಿ ದೊಡ್ಡ ಅನುಮಾನ ಇಲ್ಲದಿದ್ದರೆ ಆಗ ಬರೆಯಿರಿ: ‘ರೋಡ್‌ಟೆಪ್ ಬರಬೇಕಾದ್ದು’ ಡೆಬಿಟ್ 17,000, ‘ರಫ್ತು ಪ್ರೋತ್ಸಾಹಧನ’ ಕ್ರೆಡಿಟ್ 17,000. ಈ ಆದಾಯವನ್ನು ಮಾರಾಟದೊಳಗೆ ಸೇರಿಸಬೇಡಿ. ಸೇರಿಸಿದರೆ ಪುಸ್ತಕದ ಮಾರಾಟ, ಜಿಎಸ್‌ಟಿಆರ್-1ರ ಮಾರಾಟ, ಬ್ಯಾಂಕಿನ ರಫ್ತು ಹಣದ ಪತ್ರ ಮೂರೂ ಒಂದಕ್ಕೊಂದು ತಾಳೆ ಆಗುವುದಿಲ್ಲ.

ಈಗ 510ರ ವಿಷಯ. ರೋಡ್‌ಟೆಪ್ ಬ್ಯಾಂಕಿಗೆ ಬರುವ ನಗದಲ್ಲ. ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನಿಮ್ಮ ಖಾತೆಗೆ ಕ್ರೆಡಿಟ್ ಬರುತ್ತದೆ, ಅದನ್ನು ನೀವು ಇ-ಸ್ಕ್ರಿಪ್, ಅಂದರೆ ಸುಂಕ ಕಟ್ಟಲು ಬಳಸುವ ಎಲೆಕ್ಟ್ರಾನಿಕ್ ಪತ್ರ, ಮಾಡಿಕೊಳ್ಳುತ್ತೀರಿ. ಆಮದಿನ ಮೂಲ ಕಸ್ಟಮ್ಸ್ ಸುಂಕಕ್ಕೆ ಅದನ್ನು ಬಳಸಬಹುದು. ಆಮದು ಇಲ್ಲದ ನಿಮ್ಮಂಥವರು ಆಮದುದಾರರಿಗೆ ಮಾರುತ್ತಾರೆ, ಸ್ವಲ್ಪ ಕಡಿಮೆಗೆ. 1,01,490ರಲ್ಲಿ 85,000 ಕಳೆದರೆ 16,490. ಅಂದರೆ 17,000ದ ಸ್ಕ್ರಿಪ್ಪನ್ನು ಶೇ 3 ಬಿಟ್ಟು ಮಾರಿದ್ದೀರಿ. 510 ಸ್ಕ್ರಿಪ್ ಮಾರಾಟದ ನಷ್ಟ. ಸರ್ಕಾರ ಪೂರ್ತಿ 17,000ವನ್ನೂ ಕೊಟ್ಟಾಗಿದೆ.

ಅದಕ್ಕೇ ಸ್ಕ್ರಿಪ್ ಕೈಗೆ ಬಂದ ದಿನ ‘ರೋಡ್‌ಟೆಪ್ ಬರಬೇಕಾದ್ದು’ ಖಾತೆಯಿಂದ ‘ಕೈಯಲ್ಲಿರುವ ಸ್ಕ್ರಿಪ್’ ಖಾತೆಗೆ ಮೊತ್ತ ವರ್ಗಾಯಿಸಿ. ಮಾರಿದ ದಿನ ಬ್ಯಾಂಕ್ 16,490, ನಷ್ಟ 510, ಸ್ಕ್ರಿಪ್ ಕ್ರೆಡಿಟ್ 17,000. ಸ್ಕ್ರಿಪ್ಪಿಗೆ ಎರಡು ವರ್ಷದ ಆಯುಷ್ಯ ಇದೆ, ಬೇರೆ ಖಾತೆಯಲ್ಲಿದ್ದರೆ ಅವಧಿ ಮುಗಿಯುವ ಮೊದಲು ನೆನಪಾಗುತ್ತದೆ. ಸ್ಕ್ರಿಪ್ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಅದಕ್ಕಾಗಿ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡುವ ಅಗತ್ಯವೂ ಇಲ್ಲ, 2022ರ ಜುಲೈ ತಿದ್ದುಪಡಿ ಅದನ್ನು ಬಗೆಹರಿಸಿದೆ.

ನಿಮ್ಮ ಈಗಿನ ಪುಸ್ತಕಕ್ಕೆ, ಈ ವರ್ಷದ ಲೆಕ್ಕ ಮುಗಿದಿಲ್ಲದಿದ್ದರೆ, ಎರಡೇ ಜರ್ನಲ್ ಸಾಕು. ಇನ್ಸೆಂಟಿವ್ ಆದಾಯ ಡೆಬಿಟ್ 85,000, ದುಬೈ ಪಾರ್ಟಿ ಕ್ರೆಡಿಟ್ 85,000. ಸ್ಕ್ರಿಪ್ ಮಾರಾಟದ ನಷ್ಟ ಡೆಬಿಟ್ 510, ‘ಸರ್ಕಾರದಿಂದ ಬರಬೇಕಾದ್ದು’ ಕ್ರೆಡಿಟ್ 510. ಆಮೇಲೆ ಆ ಲೆಡ್ಜರನ್ನು ಮುಚ್ಚಿಬಿಡಿ. ಡ್ಯೂಟಿ ಡ್ರಾಬ್ಯಾಕ್ ಕೇಳುವ ದಿನ ಬಂದರೆ ಅದಕ್ಕೆ ಮೂರನೆಯ ಲೆಡ್ಜರ್ ಮಾಡಿ. ಅದೂ ಆದಾಯವೇ, ಆದರೆ ನಗದಾಗಿ ಬ್ಯಾಂಕಿಗೆ ಬರುತ್ತದೆ.

ಎರಡು ಹಣವೂ ತಡವಾಗುವ ಕಾರಣ ಬೇರೆ ಬೇರೆ ಅನ್ನುವುದು ಪ್ರತ್ಯೇಕ ಇಡಲು ಇನ್ನೊಂದು ಕಾರಣ. ಐಜಿಎಸ್‌ಟಿ ರೀಫಂಡಿಗೆ ಬೇರೆ ಅರ್ಜಿ ಇಲ್ಲ, ಶಿಪ್ಪಿಂಗ್ ಬಿಲ್ಲೇ ಅರ್ಜಿ. ಜಿಎಸ್‌ಟಿಆರ್-1ರ 6ಎ ಪಟ್ಟಿಯಲ್ಲಿ ಕೊಟ್ಟ ಶಿಪ್ಪಿಂಗ್ ಬಿಲ್ ಸಂಖ್ಯೆ, ದಿನಾಂಕ, ಬಂದರಿನ ಕೋಡ್, ಇನ್‌ವಾಯ್ಸ್ ಸಂಖ್ಯೆ ಕಸ್ಟಮ್ಸ್ ದಾಖಲೆಗೆ ಹೊಂದಬೇಕು. ಐಸ್‌ಗೇಟ್‌ನಲ್ಲಿ `SB001` ಕಂಡರೆ ಶಿಪ್ಪಿಂಗ್ ಬಿಲ್ ವಿವರ ತಪ್ಪು, `SB005` ಅಂದರೆ ಇನ್‌ವಾಯ್ಸ್ ಸಂಖ್ಯೆ ಹೊಂದಿಲ್ಲ. `SB002` ಇದ್ದರೆ ಹಡಗಿನವರು ಇಜಿಎಂ ಎಂಬ ರಫ್ತು ಸರಕಿನ ಪಟ್ಟಿ ಸಲ್ಲಿಸಿಲ್ಲ, ಆಗ ನೀವು ರಿಟರ್ನ್ ತಿದ್ದಿ ಪ್ರಯೋಜನ ಇಲ್ಲ, ನವಮಂಗಳೂರಿನ ನಿಮ್ಮ ಏಜೆಂಟರಿಗೆ ಫೋನ್ ಮಾಡಬೇಕು. ಇಜಿಎಂ ಇಲ್ಲದಿದ್ದರೆ ರೋಡ್‌ಟೆಪ್ ಕೂಡ ನಿಲ್ಲುತ್ತದೆ. 6ಎ ತಪ್ಪಿಗೆ ನಿಲ್ಲುವುದು ರೀಫಂಡ್ ಮಾತ್ರ. ಪ್ರತಿ ನಮೂದಿನ ಜೊತೆ ಶಿಪ್ಪಿಂಗ್ ಬಿಲ್ ಸಂಖ್ಯೆ ಬರೆದಿಟ್ಟರೆ ಯಾವುದು ಯಾಕೆ ನಿಂತಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಮುಂದೆ ಯಾವುದಾದರೂ ಪಾರ್ಟಿ ಹಣ ಕೊಡದೆ ರಿಸರ್ವ್ ಬ್ಯಾಂಕಿನ ಗಡುವು ದಾಟಿದರೆ, ಪಡೆದ ಐಜಿಎಸ್‌ಟಿ ರೀಫಂಡನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು, ರೋಡ್‌ಟೆಪ್ ಕೂಡ ಹಿಂದಕ್ಕೆ ಹೋಗುತ್ತದೆ. ಸ್ಕ್ರಿಪ್ಪನ್ನು 16,490ಕ್ಕೆ ಮಾರಿದ್ದರೂ ಕಟ್ಟಬೇಕಾದದ್ದು ಪೂರ್ತಿ 17,000 ಮತ್ತು ಬಡ್ಡಿ.