ಆರ್ಡರ್ ಬುಕ್ ಜೊತೆಗೊಂದು ಡೈರಿ

"ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯೋ ಅಂಗಡಿ ಇದೆ. ಬುಕ್ಕಲ್ಲಿ ಎಲ್ಲಾ ಬರೀತೀನಿ, ಆದ್ರೂ ಕೊಡೋ ತಾರೀಖು ತಪ್ಪುತ್ತೆ, ಬಾಕಿ ಲೆಕ್ಕದಲ್ಲಿ ಜಗಳ ಆಗುತ್ತೆ. ಏನು ಮಾಡ್ಲಿ?"

ಅಕ್ಕಾ, ಆರ್ಡರ್ ಬುಕ್ ಬಟ್ಟೆ ಬಂದ ಕ್ರಮದಲ್ಲಿ ಇರುತ್ತೆ. ಕೊಡೋದು ಆ ಕ್ರಮದಲ್ಲಿ ಅಲ್ವಲ್ಲ. ಅದಕ್ಕೇ ತಾರೀಖು ತಪ್ಪೋದು. ದಿನಕ್ಕೊಂದು ಪುಟ ಇರೋ ಡೈರಿ ತಗೊಳ್ಳಿ. ಬಿಲ್ ನಂಬರ್ 214ಕ್ಕೆ 20ನೇ ತಾರೀಖು ಹೇಳಿದ್ರೆ, ಡೈರಿಯ 18ನೇ ತಾರೀಖಿನ ಪುಟದಲ್ಲಿ "214, ಲೈನಿಂಗ್ ಬ್ಲೌಸ್ 3" ಅಂತ ಬರೀರಿ. ಹುಕ್ಕು, ಹೆಮ್ಮಿಂಗ್‌ಗೆ ಎರಡು ದಿನ ಬೇಕೇ ಬೇಕು. ದಿನಕ್ಕೆ ಆರು ಬ್ಲೌಸ್ ನಿಮ್ಮ ಕೈಲಾಗೋದಾದ್ರೆ, ಪುಟದಲ್ಲಿ ಆರು ಆದಮೇಲೆ ಆ ದಿನಕ್ಕೆ ಬೇರೆ ಯಾರಿಗೂ ಒಪ್ಪಬೇಡಿ. ದುಗ್ಗಮ್ಮನ ಜಾತ್ರೆ ಹೊತ್ತಲ್ಲಂತೂ ಪುಟ ನೋಡದೆ ಬಾಯಿ ಬಿಡಲೇಬಾರದು.

ಬಾಕಿ ಜಗಳ ಜಾಸ್ತಿ ಬರೋದು ಅರ್ಧ ಬಟ್ಟೆ ಮೊದಲೇ ಒಯ್ದಾಗ. ನನಗೂ ಹೀಗೇ ಆಗಿತ್ತು. ಮೂರು ಬ್ಲೌಸಿಗೆ 1350, ಅಡ್ವಾನ್ಸ್ 500, ಬಾಕಿ 850. ಒಂದು ಬ್ಲೌಸ್ ಒಯ್ದು 300 ಕೊಟ್ಟರು. ನಾನು 850 ಹೊಡೆದು 550 ಅಂತ ತಿದ್ದಿದೆ. ಆಮೇಲೆ ಆ 300 ಯಾವಾಗ ಬಂತು, ಯಾವ ಬ್ಲೌಸ್ ಹೋಯ್ತು ಅನ್ನೋದಕ್ಕೆ ಗುರುತೇ ಇರಲಿಲ್ಲ. ಈಗ ಅಂಕಿ ತಿದ್ದಲ್ಲ. ಕೆಳಗೆ ಹೊಸ ಸಾಲು ಬರೀತೀನಿ: "12ನೇ ತಾರೀಖು, ಹಸಿರು ಬ್ಲೌಸ್ ಕೊಟ್ಟಿದೆ, 300 ಬಂತು, ಬಾಕಿ 550." ಅವರ ಚೀಟಿಯಲ್ಲೂ ಅದೇ ಸಾಲು.

ಅಳತೆ ಪಕ್ಕ ತಾರೀಖು ಹಾಕಿ. ಹಳೇ ಗಿರಾಕಿ ಅಂತ ಹೋದ ವರ್ಷದ ಎದೆ ಸುತ್ತಳತೆಗೇ ಕತ್ತರಿ ಹಾಕಬೇಡಿ.