ಅಣ್ಣನಿಗೆ ಬರೆದ ಉತ್ತರ ಇನ್ನೂ ಕಳಿಸಿಲ್ಲ

*ಸುಂಟಿಕೊಪ್ಪದ ಕಡೆ ನಮ್ಮದು ರೋಬಸ್ಟಾ ಕಾಫಿ ತೋಟ. ನೋಡಿಕೊಳ್ಳುವುದು ನಾನು, ಬೆಂಗಳೂರಿನಲ್ಲಿರುವ ಅಣ್ಣನಿಗೆ ಅರ್ಧ ಪಾಲು. ಮೊನ್ನೆ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವನು, "ಚೀಲಕ್ಕೆ ಹತ್ತು ಸಾವಿರ ಇತ್ತಂತೆ, ನೀನು 9,360 ಅಂತೀಯ, ಉಳಿದದ್ದು ಯಾರ ಜೇಬಿಗೆ?" ಎಂದು ಹಾಕಿದ. ನಾನು ಬರೆದಿಟ್ಟ ಉತ್ತರ ಇದು:*

*"ಎಸಿ ಕೆಳಗೆ ಕೂತು ಲೆಕ್ಕ ಕೇಳೋದು ಸುಲಭ. ಒಂದು ದಿನವಾದ್ರೂ ಕಣದ ಹತ್ರ ನಿಂತಿದ್ದೀಯಾ? ನಮ್ಮದು ಓಟಿ 26 ಬಂತು, ರೇಟು 360, ಗೊತ್ತಿದ್ರೆ ಮಾತಾಡು. 84 ಚೀಲದ ದುಡ್ಡು ತಿಂದು ನಾನೇನು ಬಂಗಲೆ ಕಟ್ಟಿಲ್ಲ. ಇದೆಲ್ಲ ಅತ್ತಿಗೆ ಹೇಳಿಕೊಟ್ಟಿದ್ದು ಅಂತ ಎಲ್ರಿಗೂ ಗೊತ್ತು. ಅಪ್ಪ ಇದ್ದಿದ್ರೆ ನಾಚಿಕೊಳ್ತಿದ್ರು. ಬೇಕಾದ್ರೆ ತಾವೇ ಬಂದು ತೋಟ ನೋಡ್ಕೊಳ್ಳಿ."*

*ಒಟ್ಟು 7,86,240 ಬಂತು, ಖರ್ಚು 4,11,000. ಅಣ್ಣನಿಗೆ 1,50,000 ಕಳಿಸಿದ್ದೇನೆ. ಅವನ ಪಾಲಿನಲ್ಲಿ ಉಳಿದ 37,620 ಅನ್ನು ಬರುವ ಬೇಸಿಗೆಯ ಸ್ಪ್ರಿಂಕ್ಲರ್ ಖರ್ಚಿಗೆಂದು ಹೇಳದೆ ಇಟ್ಟುಕೊಂಡಿದ್ದೇನೆ. ಅದನ್ನೂ ಬರೆಯಬೇಕಾ? ಇದನ್ನು ಕಳಿಸಲಾ, ಬೇಡವಾ?*

ಕಳಿಸಬೇಡಿ, ಆದರೆ ಅಳಿಸಲೂ ಬೇಡಿ. ನಿಮ್ಮ ಉತ್ತರಕ್ಕೆ ಬೇಕಾದ ಸರಕು ಅದರೊಳಗೇ ಇದೆ. ಮೊದಲು ಅದನ್ನು ವಾಟ್ಸ್‌ಆ್ಯಪ್‌ನಿಂದ ತೆಗೆದು ಒಂದು ಹಾಳೆಗೆ ಇಳಿಸಿ, ಬೆರಳು ತಾಗಿದರೆ ಹೊರಟುಹೋಗುವ ಜಾಗದಲ್ಲಿ ಅದು ಇರಬಾರದು. ಕಳಿಸಿದ ಮೇಲೆ 15 ನಿಮಿಷದವರೆಗೆ ತಿದ್ದಬಹುದು, ನಿಜ. ಆದರೆ ತಿದ್ದಿದ್ದು ಅನ್ನುವ ಗುರುತು ಉಳಿಯುತ್ತದೆ, ಅಷ್ಟರಲ್ಲಿ ಚಿಕ್ಕಪ್ಪಂದಿರು ಓದಿಯೂ ಆಗಿರುತ್ತದೆ.

ಈಗ ಒಂದೊಂದೇ ವಾಕ್ಯದ ಮುಂದೆ ನಿಂತು, ಇದನ್ನು ಚೀಟಿ ತೋರಿಸಿ ಸಾಬೀತು ಮಾಡಬಹುದಾ ಎಂದು ಕೇಳಿ. ಎಸಿ, ಬಂಗಲೆ, ಅತ್ತಿಗೆ, ಅಪ್ಪ, ಯಾವುದಕ್ಕೂ ಚೀಟಿ ಇಲ್ಲ. ಉಳಿಯುವುದು ಮೂರೇ: 84 ಚೀಲ, ಓಟಿ 26, ರೇಟು 360. ಅಣ್ಣನ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ. ವಿಚಿತ್ರ ನೋಡಿ, ಆ ಉತ್ತರದ ಬೆನ್ನಿಗೇ ನೀವು "ಗೊತ್ತಿದ್ರೆ ಮಾತಾಡು" ಎಂದು ಅಂಟಿಸಿದ್ದೀರಿ. ಅವನಿಗೆ ಗೊತ್ತಿಲ್ಲ, ಅದಕ್ಕೇ ಕೇಳಿದ್ದು. ಒಂದು ಚೀಲದ ಐವತ್ತು ಕಿಲೋ ಚೆರಿಯನ್ನು, ಅಂದರೆ ಒಣಗಿದ ಕಾಫಿ ಹಣ್ಣನ್ನು, ಸಿಪ್ಪೆ ಬಿಡಿಸಿದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಓಟಿ, ಅದನ್ನು ರೇಟಿನಿಂದ ಗುಣಿಸಿದರೆ ಚೀಲದ ಬೆಲೆ ಎನ್ನುವುದು ಮಾರಿದವರಿಗೆ ಬಾಯಿಪಾಠ. ಬೆಂಗಳೂರಿನಲ್ಲಿ ಕೂತವರ ಕಿವಿಗೆ ಬೀಳುವುದು "ಹತ್ತು ಸಾವಿರ" ಮಾತ್ರ. ಅದೇ 360ರ ರೇಟಿಗೆ 28 ಓಟಿ ಬಂದ ಚೀಲಕ್ಕೆ 10,080 ಆಗುತ್ತದೆ. ಅವನು ಕೇಳಿದ್ದೂ ಸುಳ್ಳಲ್ಲ, ನೀವು ಹೇಳಿದ್ದೂ ಸುಳ್ಳಲ್ಲ. ಈ ಒಂದು ಸಾಲು ಬಿಡಿಸಿ ಬರೆದರೆ ಜಗಳದ ಮುಕ್ಕಾಲು ಭಾಗಕ್ಕೆ ಕಾರಣವೇ ಇರುವುದಿಲ್ಲ.

ತೆಗೆಯುವ ಕೆಲಸದಲ್ಲಿ ಬೈಗುಳ ಸುಲಭವಾಗಿ ಕಣ್ಣಿಗೆ ಬೀಳುತ್ತದೆ, ಚುಚ್ಚುಮಾತು ಬೀಳುವುದಿಲ್ಲ. "ಒಂದು ದಿನವಾದ್ರೂ ನಿಂತಿದ್ದೀಯಾ" ಎಂಬುದರಲ್ಲಿ ಬೈಗುಳ ಇಲ್ಲ, ಆದರೆ ಉತ್ತರ ಬೇಡದ ಪ್ರಶ್ನೆ ಅದು. ಅಣ್ಣ ತಾನು ಬಂದ ಎರಡು ದಿನ ಎಣಿಸಿ ತೋರಿಸಿದನೆಂದರೆ ಮಾತು ಲೆಕ್ಕ ಬಿಟ್ಟು ಎತ್ತಲೋ ಹೋಗುತ್ತದೆ. ನೀವು ಸದಾ "ನೀನು" ಎಂದು ಕರೆಯುವ ಅಣ್ಣನಿಗೆ ಇದ್ದಕ್ಕಿದ್ದಂತೆ "ತಾವೇ ಬಂದು" ಎಂದರೆ ಅದು ಮರ್ಯಾದೆಯಲ್ಲ, ಕಪಾಳಕ್ಕೆ ಕೊಟ್ಟ ಹಾಗೆ. ಅತ್ತಿಗೆಯ ಸಾಲಂತೂ ಹೊಸ ಶತ್ರುವನ್ನು ಸಂಪಾದಿಸುತ್ತದೆ. ಅಣ್ಣ ಲೆಕ್ಕ ಒಪ್ಪಿಕೊಂಡರೂ ಆ ಮಾತನ್ನು ಮನೆಯಲ್ಲಿ ಮರೆಯುವುದಿಲ್ಲ. ಕಡೆಯ ವಾಕ್ಯ ಇನ್ನೊಂದು ಬಗೆಯ ಅಪಾಯ. "ಸರಿ, ಬಿಡು, ಗುತ್ತಿಗೆಗೆ ಕೊಡೋಣ" ಎಂದು ಅವನು ಉತ್ತರಿಸಿದರೆ ಏನು ಮಾಡುತ್ತೀರಿ? ನಿಜವಾಗಿ ತೋಟ ಬಿಡುವ ಮನಸ್ಸಿದ್ದರೆ ಅದನ್ನು ಬೇರೆ ದಿನ, ತಾರೀಖು ಹಾಕಿ ಹೇಳಿ. ಇಲ್ಲದಿದ್ದರೆ ಬರೆಯಬೇಡಿ.

37,620ರ ಮಾತಿಗೆ ಬರೋಣ. ಖಂಡಿತ ಬರೆಯಿರಿ. ಖಾರದ ಉತ್ತರದಲ್ಲಿ ಅದು ಬಿಟ್ಟುಹೋದದ್ದು ಆಕಸ್ಮಿಕವಲ್ಲ. ಸಿಟ್ಟಿನಲ್ಲಿ ಬರೆಯುವಾಗ ನಮಗೆ ಅನುಕೂಲವಾದ ಅಂಕಿಗಳು ಮಾತ್ರ ನೆನಪಾಗುತ್ತವೆ. ನಾಳೆ ಅಣ್ಣನೇ ಕೂಡಿಸಿ ಕಳೆದು ಆ ಮೊತ್ತ ಹಿಡಿದರೆ ಓಟಿಯ ವಿವರಣೆಯನ್ನೂ ಯಾರೂ ನಂಬುವುದಿಲ್ಲ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಕಾರಣ ನ್ಯಾಯವೇ. ತಿಳಿಸದೆ ಇಟ್ಟುಕೊಂಡದ್ದನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ಸಮರ್ಥನೆ ಬೇಡ.

ಇಷ್ಟಾದ ಮೇಲೆ ಉತ್ತರ ಹೀಗಾಗುತ್ತದೆ:

"ಅಣ್ಣ, ಈ ಸಲದ ಲೆಕ್ಕ ಹೀಗಿದೆ. ಚೆರಿ 84 ಚೀಲ ಹೋಯಿತು. ನಮ್ಮ ಓಟಿ 26, ರೇಟು 360, ಚೀಲಕ್ಕೆ 9,360 ಆಯಿತು. ಅದೇ ರೇಟಿಗೆ 28 ಓಟಿ ಬಂದವರಿಗೆ ಹತ್ತು ಸಾವಿರದ ಮೇಲೆ ಸಿಕ್ಕಿದೆ, ನೀನು ಕೇಳಿದ್ದು ಅದಿರಬೇಕು. ಒಟ್ಟು 7,86,240. ಖರ್ಚು 4,11,000 ಕಳೆದು ನಿನ್ನ ಅರ್ಧ 1,87,620. ಅದರಲ್ಲಿ 1,50,000 ಕಳಿಸಿದ್ದೇನೆ. ಉಳಿದ 37,620 ಸ್ಪ್ರಿಂಕ್ಲರ್ ಖರ್ಚಿಗೆ ಇಟ್ಟುಕೊಂಡಿದ್ದೇನೆ, ನಿನಗೆ ಮೊದಲೇ ತಿಳಿಸಿರಲಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಭಾನುವಾರದೊಳಗೆ ಹೇಳು, ಸೋಮವಾರ ಕಳಿಸುತ್ತೇನೆ. ವ್ಯಾಪಾರಿಯ ಚೀಟಿ, ಖರ್ಚಿನ ಪುಸ್ತಕದ ಫೋಟೋ ಜೊತೆಗಿದೆ. ನಾನು ದುಡ್ಡು ಜೇಬಿಗೆ ಹಾಕಿಕೊಂಡಿಲ್ಲ. ಇನ್ನು ಮುಂದೆ ಲೆಕ್ಕದ ಪ್ರಶ್ನೆ ಇದ್ದರೆ ನನಗೇ ಫೋನ್ ಮಾಡು. ಗ್ರೂಪಿನಲ್ಲಿ ಕೇಳಿದರೆ ಅಲ್ಲಿ ಉತ್ತರ ಕೊಡುವುದಿಲ್ಲ."

ಕಡೆಯ ಮೂರು ವಾಕ್ಯ ಬಿರುಸಾಯಿತು ಎನ್ನಿಸಬಹುದು. ತೆಗೆಯಬೇಡಿ. ಆರೋಪ ನಿಜವಲ್ಲ ಎಂದು ಹೇಳುವುದು, ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂದು ತಿಳಿಸುವುದು ಆಕ್ಷೇಪಣೆಯಲ್ಲ. "ನೀನು ಎಂಥವನು" ಎಂದು ಶುರುವಾದಾಗ ಮಾತ್ರ ಅದು ಆಕ್ಷೇಪಣೆಯಾಗುತ್ತದೆ. ಇಲ್ಲಿ ತಪ್ಪುವವರು ಬಹಳ: ಖಾರ ತೆಗೆಯಲು ಹೋಗಿ ಉಪ್ಪನ್ನೂ ತೆಗೆಯುತ್ತಾರೆ. "ಏನಾದ್ರೂ ತಪ್ಪಾಗಿದ್ರೆ ಕ್ಷಮಿಸು ಅಣ್ಣ" ಎಂದು ಕೊನೆಗೆ ಸೇರಿಸಿದಿರೋ, ಓದುವವರಿಗೆ ತಪ್ಪು ಒಪ್ಪಿಕೊಂಡ ಹಾಗೆ ಕೇಳುತ್ತದೆ. ಕೈಮುಗಿಯುವ ಚಿತ್ರವೂ ಬೇಡ, ಜಗಳದ ನಡುವೆ ಅದು ವ್ಯಂಗ್ಯವೆಂದೇ ಕಾಣುವುದು.

ಕಳಿಸುವ ಮುಂಚೆ ಇದನ್ನು ಯಾರಿಗಾದರೂ ಓದಿಸಿ. ಹೆಂಡತಿಗೆ ಬೇಡ, ಅವರು ಈ ಜಗಳದಲ್ಲಿ ನಿಮ್ಮಷ್ಟೇ ನೊಂದಿರುತ್ತಾರೆ, ಎರಡು ಸಾಲು ಸೇರಿಸಿಯೇ ಕೊಡುತ್ತಾರೆ. ಅಣ್ಣನನ್ನು ಕಂಡಿರದ ಸ್ನೇಹಿತರಾದರೆ ಒಳ್ಳೆಯದು. "ಇವರಿಬ್ಬರಲ್ಲಿ ಜಾಸ್ತಿ ಕೆಲಸ ಮಾಡುವವರು ಯಾರು ಅಂತ ಇದರಲ್ಲಿ ಗೊತ್ತಾಗುತ್ತಾ?" ಎಂದು ಕೇಳಿ. ಗೊತ್ತಾಗುತ್ತದೆ ಎಂದರೆ ಎಲ್ಲೋ ಒಂದು ಚುಚ್ಚು ಉಳಿದಿದೆ.

ಎಲ್ಲಿಗೆ ಕಳಿಸುವುದು? ಪೂರ್ತಿ ಲೆಕ್ಕ ಅಣ್ಣನ ನಂಬರಿಗೆ ಮಾತ್ರ. ಆದರೆ ಆರೋಪವನ್ನು ಗ್ರೂಪಿನವರೆಲ್ಲ ಓದಿದ್ದಾರೆ, ನೀವು ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ. ಅಲ್ಲಿ ಒಂದೇ ಸಾಲು ಹಾಕಿ: "ಚೀಟಿ ಸಮೇತ ಲೆಕ್ಕ ಅಣ್ಣನಿಗೆ ಕಳಿಸಿದ್ದೇನೆ." ಅಣ್ಣನಿಗೆ ಕಳಿಸಿದ ಮೇಲೆಯೇ ಇದನ್ನು ಹಾಕಿ, ಮೊದಲಲ್ಲ.

ಅವನಿಂದ ಮತ್ತೆ ಸಿಟ್ಟಿನ ಉತ್ತರ ಬಂದರೆ ಅದರಲ್ಲಿ ಅಂಕಿಯ ಪ್ರಶ್ನೆ ಇದೆಯಾ ಎಂದು ಮಾತ್ರ ಹುಡುಕಿ. ಇದ್ದರೆ ಅಷ್ಟಕ್ಕೇ ಉತ್ತರಿಸಿ. ಇಲ್ಲದಿದ್ದರೆ "ಭಾನುವಾರದೊಳಗೆ 37,620ರ ಬಗ್ಗೆ ಹೇಳು" ಎಂದಷ್ಟೇ ಬರೆದು, ಸೋಮವಾರ ಬ್ಯಾಂಕಿಗೆ ಹೋಗಬೇಕಾ ಬೇಡವಾ ಎಂದು ಕಾದು ನೋಡಿ.